‘36 ಮಹೀನೇ ಕೇ ಬಾದ್’ ಅಂತ ಬರೆದರೆ ಷರತ್ತು ಎಲ್ಲಿ ಹೋಯಿತು?

ಪ್ರಶ್ನೆ (ಹೊಸ ಅನುವಾದಕಿ, ಮೈಸೂರು): ನಂಜನಗೂಡು ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ಉತ್ತರದ ಕಡೆಯವರಿಗೆ ಮಾರುವ ಆರೋಗ್ಯ ವಿಮೆ ಪಾಲಿಸಿಯನ್ನು ಹಿಂದಿಗೆ ತರ್ತಿದ್ದೀನಿ. ಮೊದಲೇ ಇದ್ದ ಕಾಯಿಲೆಯ ಷರತ್ತನ್ನು ‘36 ಮಹೀನೇ ಕೇ ಬಾದ್ ಪುರಾನೀ ಬೀಮಾರಿಯೋಂ ಕಾ ಇಲಾಜ್ ಕವರ್ ಹೋಗಾ’ ಅಂತ ಬರೆದೆ. ಪರಿಶೀಲಕರು ವಾಪಸ್ ಕಳಿಸಿದ್ದಾರೆ. ತಪ್ಪೇನು?

ಸರಸ್ವತಿಪುರಂ ಪರಿಶೀಲಕ: ಮೂಲದಲ್ಲಿರೋದು ಏನು ಕೊಡೋದಿಲ್ಲ ಅನ್ನೋ ಮಾತು, ನಿಮ್ಮದು ಏನು ಕೊಡ್ತೀವಿ ಅನ್ನೋ ಭರವಸೆ. ಈ ಷರತ್ತಿನ ಪಠ್ಯವನ್ನು ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲೇ ಎಲ್ಲ ಕಂಪನಿಗಳಿಗೂ ಒಂದೇ ಮಾಡಿದೆ. ಪಾಲಿಸಿಯಲ್ಲಿ ಪಕ್ಕದಲ್ಲೇ Excl01 ಅನ್ನೋ ಸಂಕೇತ ಅಚ್ಚಾಗಿರುತ್ತೆ. 36 ತಿಂಗಳ ಕಾಯುವ ಅವಧಿ ಮುಗಿದ ಮೇಲೂ ದುಡ್ಡು ಸಿಗಬೇಕಾದರೆ, ಅರ್ಜಿ ಹಾಕುವಾಗ ಆ ಕಾಯಿಲೆಯನ್ನು ತಿಳಿಸಿರಬೇಕು, ಕಂಪನಿ ಅದನ್ನು ಒಪ್ಪಿರಬೇಕು. ಇವೆರಡೂ ನಿಮ್ಮ ಸಾಲಿನಲ್ಲಿ ಇಲ್ಲ.

ನಿರಾಕರಣೆಯನ್ನು ನಿರಾಕರಣೆಯಾಗೇ ಇಡಿ: ‘ಜಬ್ ತಕ್ ಪಹಲೀ ಪಾಲಿಸೀ ಕೀ ಶುರುಆತ್ ಸೇ ಲಗಾತಾರ್ ಕವರೇಜ್ ಕೇ 36 ಮಹೀನೇ ಪೂರೇ ನ ಹೋ ಜಾಏಂ, ತಬ್ ತಕ್ ಪಹಲೇ ಸೇ ಮೌಜೂದ್ ಬೀಮಾರೀ ಔರ್ ಉಸಕೀ ಪ್ರತ್ಯಕ್ಷ ಜಟಿಲತಾಓಂ ಕೇ ಇಲಾಜ್ ಕಾ ಖರ್ಚ್ ನಹೀಂ ದಿಯಾ ಜಾಏಗಾ.’ ತಿಳಿಸಿ ಒಪ್ಪಿಸಿರಬೇಕು ಅನ್ನೋದು ಮುಂದಿನ ಸ್ವಂತ ವಾಕ್ಯವಾಗಲಿ, ನಡುವೆ ‘ಔರ್’ ಇರಲಿ. ‘ಯಾ’ ಬಂದರೆ ಎರಡರಲ್ಲಿ ಒಂದು ಸಾಕು ಅಂತಾಗುತ್ತೆ.

‘ಪುರಾನೀ ಬೀಮಾರೀ’ ಬೇಡವೇ ಬೇಡ. ಹಿಂದಿಯವರು ಅದನ್ನು ಬಹಳ ಕಾಲ ಕಾಡುವ ಕಾಯಿಲೆ ಅಂತಲೂ ಓದ್ತಾರೆ. ಪಾಲಿಸಿ ತಗೊಂಡ ಮೇಲೆ ಶುರುವಾದ ಸಕ್ಕರೆ ಕಾಯಿಲೆಯೂ ಹೊರಗೆ ಅಂದುಕೊಂಡು ಕ್ಲೇಮೇ ಹಾಕದೆ ಇದ್ದುಬಿಡಬಹುದು.

ಮಂಡ್ಯ ಏಜೆಂಟ್: ಇಷ್ಟು ಬಿಗಿ ಯಾಕೆ ಸಾರ್? ಪಠ್ಯದಲ್ಲಿ ಗೊಂದಲ ಇದ್ದರೆ ಕೋರ್ಟು ಗ್ರಾಹಕನ ಪರವಾಗೇ ಅರ್ಥ ಮಾಡುತ್ತೆ. ಹಿಂದಿ ಸ್ವಲ್ಪ ಮೆತ್ತಗಿದ್ದರೆ ಬಡವನಿಗೇ ಲಾಭ.

ಸರಸ್ವತಿಪುರಂ ಪರಿಶೀಲಕ: ಅರ್ಧ ಸರಿ. ಹೊರತುಪಡಿಸುವ ಷರತ್ತನ್ನು ಕೋರ್ಟು ಬಿಗಿಯಾಗೇ ಓದುತ್ತೆ, ಅದು ಅನ್ವಯಿಸುತ್ತೆ ಅಂತ ತೋರಿಸುವ ಹೊಣೆ ಕಂಪನಿಯದು. ಆದರೆ ಅನುವಾದದ ಪ್ರತಿಗಳಲ್ಲಿ ಸಾಮಾನ್ಯವಾಗಿ ‘ವ್ಯತ್ಯಾಸ ಬಂದರೆ ಇಂಗ್ಲಿಷೇ ಅಂತಿಮ’ ಅಂತ ಒಂದು ಸಾಲು ಇರುತ್ತೆ. ಇಂಗ್ಲಿಷ್ ಸ್ಪಷ್ಟವಾಗಿದ್ದಾಗ ಮೆತ್ತಗಿನ ಹಿಂದಿ ನಂಬಿ ಆಸ್ಪತ್ರೆ ಸೇರಿದವನು ವರ್ಷಗಟ್ಟಲೆ ಕೇಸು ನಡೆಸಬೇಕು. ಬಿಲ್ಲು ಮಾತ್ರ ಡಿಸ್ಚಾರ್ಜ್ ದಿನವೇ ಕಟ್ಟಬೇಕು.

ಕುವೆಂಪುನಗರ ಓದುಗ: ನಮ್ಮ ತಂದೆಯದೂ ಇದೇ ಗೋಳು. ಸಕ್ಕರೆ ಕಾಯಿಲೆ ಇದೆ ಅಂತ ಮೊದಲೇ ಬರೆದುಕೊಟ್ಟು 5 ಲಕ್ಷದ ಪಾಲಿಸಿ ನಾಲ್ಕು ವರ್ಷ ನಡೆಸಿದ್ವಿ. ಆಮೇಲೆ 10 ಲಕ್ಷಕ್ಕೆ ಏರಿಸಿದ್ವಿ. ಮರುವರ್ಷ ಅದರಿಂದಲೇ ಕಿಡ್ನಿ ತೊಂದರೆ ಆಗಿ 7 ಲಕ್ಷ ಬಿಲ್ ಆಯ್ತು, ಕಂಪನಿ 5 ಮಾತ್ರ ಕೊಡ್ತು. ಮೋಸ ಅಲ್ವಾ?

ಸರಸ್ವತಿಪುರಂ ಪರಿಶೀಲಕ: ನೀವು ಹೇಳಿದಷ್ಟರ ಮೇಲೆ ನೋಡಿದರೆ ಲೆಕ್ಕ ಸರಿಯಿದೆ. ವಿಮಾ ಮೊತ್ತ ಏರಿಸಿದರೆ, ಏರಿದ ಭಾಗಕ್ಕೆ ಮಾತ್ರ ಕಾಯುವ ಅವಧಿ ಹೊಸದಾಗಿ ಶುರುವಾಗುತ್ತೆ. ಹಳೆಯ 5 ಲಕ್ಷಕ್ಕೆ ಅವಧಿ ಮುಗಿದಿತ್ತು, ಹೊಸ 5 ಲಕ್ಷಕ್ಕೆ ಮುಗಿದಿರಲಿಲ್ಲ.

ಅನುವಾದಕಿಯವರೇ, ನಿಮ್ಮ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಸಿಗೋದಿಲ್ಲ. ಆ ಸಾಲನ್ನೇ ಬಿಟ್ಟರೆ ಓದುಗ 7 ಲಕ್ಷ ಸಿಗುತ್ತೆ ಅಂದುಕೊಳ್ತಾನೆ. ‘ಬೀಮಾ ರಾಶಿ ಬಢಾನೇ ಪರ್ ಯಹ ಶರ್ತ್ ಫಿರ್ ಸೇ ಲಾಗೂ ಹೋಗೀ’ ಅಂತ ಬರೆದರೆ ಇಡೀ 10 ಲಕ್ಷಕ್ಕೂ ಹೊಸದಾಗಿ ಕಾಯಬೇಕು, ಈಗ ಏನೂ ಇಲ್ಲ ಅಂತಾಗುತ್ತೆ. ‘ಕೇವಲ್ ಬಢೀ ಹುಈ ರಾಶಿ ಪರ್ ನಏ ಸಿರೇ ಸೇ ಲಾಗೂ ಹೋಗೀ’ ಅಂದರೆ ಮಾತ್ರ 5 ಲಕ್ಷ ಬರುತ್ತೆ. ಇಂಗ್ಲಿಷ್ ನೋಡದ ಹಿಂದಿ ಓದುಗರಿಗೆ ಈ ಲೆಕ್ಕ ಕೊಟ್ಟು, ಎಷ್ಟು ಸಿಗುತ್ತೆ ಅಂತ ಕೇಳಿ. 5 ಲಕ್ಷ ಬಿಟ್ಟು ಬೇರೆ ಉತ್ತರ ಬಂದರೆ ವಾಕ್ಯ ಮತ್ತೆ ಬರೆಯಿರಿ.

ಹೊಸ ಅನುವಾದಕಿ: ನನ್ನ ಹತ್ತಿರ ಇರೋ ಹಳೇ ಹಿಂದಿ ಪ್ರತಿಯಲ್ಲಿ 48 ತಿಂಗಳು ಅಂತಿದೆ. ಅದರಿಂದ ಸಾಲು ಎತ್ತಿಕೊಳ್ಳಬಹುದಾ?

ಸರಸ್ವತಿಪುರಂ ಪರಿಶೀಲಕ: ಅಂಕಿ ಮಾತ್ರ ಎತ್ತಬೇಡಿ. ಗರಿಷ್ಠ ಮಿತಿ 2024ರಲ್ಲಿ 48ರಿಂದ 36ಕ್ಕೆ ಇಳೀತು, ಅದಕ್ಕಿಂತ ಕಡಿಮೆ ಅವಧಿ ಇಡುವ ಪಾಲಿಸಿಗಳೂ ಇವೆ. ನಿಮ್ಮ ಕೈಲಿರುವ ಮೂಲದಲ್ಲಿ ಇರೋದೇ ಬರಲಿ. ‘ಪಹಲೀ ಪಾಲಿಸೀ’ಯಲ್ಲಿನ ‘ಪಹಲೀ’ ಬಿಟ್ಟುಹೋದರೆ ನವೀಕರಿಸಿದವನು ಈ ವರ್ಷದಿಂದ ಎಣಿಸ್ತಾನೆ, ಅದನ್ನೂ ನೋಡಿಕೊಳ್ಳಿ.

ಹಿಂದಿ ಮೇಡಂ, ಮೈಸೂರು: ಒಂದು ಆಕ್ಷೇಪ. ಶೀರ್ಷಿಕೆಯಲ್ಲಿ ಹೊರತುಪಡಿಸುವಿಕೆಗೆ ‘ಅಪವರ್ಜನ್’ ಅಂತ ಹಾಕ್ತೀರಲ್ಲ, ಪಾಳಿ ಮುಗಿಸಿ ಬಂದ ಕಾರ್ಮಿಕ ಆ ಪದ ನೋಡಿ ಪುಟ ತಿರುಗಿಸಿಬಿಡ್ತಾನೆ. ‘ಕಿನ ಖರ್ಚೋಂ ಕಾ ಪೈಸಾ ನಹೀಂ ಮಿಲೇಗಾ’ ಅಂತಲೇ ಹಾಕಿ.

ಸರಸ್ವತಿಪುರಂ ಪರಿಶೀಲಕ: ವಾಕ್ಯದೊಳಗೆ ನಿಮ್ಮ ಹಾಗೇ ಬರೀಬೇಕು, ಒಪ್ಪಿದೆ. ಶೀರ್ಷಿಕೆಯಲ್ಲಿ ಆಗೋದಿಲ್ಲ. ಪಾಲಿಸಿಯ ಬೇರೆ ಪುಟಗಳು ಅದೇ ಹೆಸರು ಹಿಡಿದು ಈ ಭಾಗಕ್ಕೆ ಕಳಿಸುತ್ತವೆ, ಹೆಸರು ಬದಲಾದರೆ ಕೊಂಡಿ ತಪ್ಪುತ್ತೆ.

ಹಿಂದಿ ಮೇಡಂ, ಮೈಸೂರು: ಹಾಗಾದರೆ ಎರಡನ್ನೂ ಒಂದರ ಕೆಳಗೊಂದು ಹಾಕಿ. ನಿರಾಕರಣೆ ಇರೋ ಪುಟವನ್ನೇ ಓದುಗ ದಾಟಿಹೋದರೆ ಒಳಗಿನ ‘ಕೇವಲ್’ ಯಾರಿಗೆ ಕಾಣಿಸುತ್ತೆ?