ನನ್ನ ಗೂಗಲ್ ಖಾತೆಯಲ್ಲಿ ಯಾರದೋ ಕಂಪ್ಯೂಟರ್

ಸಾಗರದ ಗೃಹಿಣಿ ಕೇಳಿದ್ದು: ಗೂಗಲ್ ಖಾತೆಯ ಸೆಟ್ಟಿಂಗ್ ನೋಡ್ತಿದ್ದೆ. ನನ್ನ ಫೋನಿನ ಜೊತೆ ಒಂದು ವಿಂಡೋಸ್ ಕಂಪ್ಯೂಟರೂ ಕಾಣಿಸ್ತು. ನಮ್ಮ ಮನೇಲಿ ಕಂಪ್ಯೂಟರೇ ಇಲ್ಲ. ಫೋನಿನ ಕೆಳಗೆ ಬೇರೆ ಚೆನ್ನೈ ಅಂತಿದೆ, ನಾನು ಸಾಗರ ಬಿಟ್ಟು ಹೋಗಿಲ್ಲ. ಕಂಪ್ಯೂಟರ್ ತೆಗೆದುಹಾಕಿದ್ರೆ ಸಾಕಾ? ಅನುಭವ ಇರೋರು ಹೇಳಿ.

ಮೊಬೈಲ್ ಅಂಗಡಿಯವರು, ತುಮಕೂರು: ಮೊದಲು ಪಾಸ್‌ವರ್ಡ್ ಬದಲಾಯಿಸಿ ಅಕ್ಕ. ಬದಲಾಯಿಸಿದ ತಕ್ಷಣ ಎಲ್ಲ ಕಡೆ ತಾನಾಗೇ ಲಾಗೌಟ್ ಆಗುತ್ತೆ, ಇನ್ನೇನೂ ನೋಡೋದು ಬೇಡ. ಚೆನ್ನೈ ಅಂತ ಬಂದಿದೆ ಅಂದ್ರೆ ಅಲ್ಲಿ ಕೂತು ಯಾರೋ ನೋಡ್ತಿದ್ದಾರೆ. ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕಾಲೇಜಿನ ಕಂಪ್ಯೂಟರ್ ಮೇಡಂ, ಮೈಸೂರು: ಚೆನ್ನೈಗೆ ಹೆದರಬೇಡಿ. ಊರಿನ ಹೆಸರನ್ನ ಗೂಗಲ್ ಇಂಟರ್ನೆಟ್ ವಿಳಾಸ ನೋಡಿ ಅಂದಾಜು ಮಾಡುತ್ತೆ. ಮೊಬೈಲ್ ಡೇಟಾ ಎಷ್ಟೋ ಸಲ ಕಂಪನಿಯ ದೂರದ ಕೇಂದ್ರದ ಮೂಲಕ ಹಾಯ್ದು ಹೋಗುತ್ತೆ. ನನ್ನ ಫೋನೂ ಮೈಸೂರಲ್ಲಿದ್ದು ಹೈದರಾಬಾದ್ ತೋರಿಸಿದ್ದುಂಟು. ಊರಿಗಿಂತ ಸಾಧನ ಯಾವುದು, ಯಾವ ಬ್ರೌಸರ್, ಕೊನೆಗೆ ಬಳಸಿದ್ದು ಯಾವಾಗ ಅನ್ನೋದನ್ನ ನೋಡಿ.

ವಿಂಡೋಸ್ ವಿಷಯ ಬೇರೆ, ಅದನ್ನ ಪತ್ತೆ ಮಾಡಲೇಬೇಕು. ಜಿಮೇಲ್‌ನಲ್ಲಿ `Security alert` ಅಂತ ಹುಡುಕಿ. ಹೊಸ ಕಂಪ್ಯೂಟರಿನಿಂದ ಖಾತೆ ತೆರೆದಾಗ ಗೂಗಲ್ ಸಾಮಾನ್ಯವಾಗಿ ಒಂದು ಮೇಲ್ ಕಳಿಸಿರುತ್ತೆ. ಅದರ ತಾರೀಖು, ಗಂಟೆ ಸಿಕ್ಕಿದ್ರೆ ಆವತ್ತು ನೀವು ಎಲ್ಲಿದ್ರಿ ಅಂತ ನೆನಪು ಮಾಡಿಕೊಳ್ಳಿ. ಆಮೇಲೆ `myaccount.google.com`ನಲ್ಲಿ `Security`, ಅದರೊಳಗೆ `Manage all devices`. ಆ ಕಂಪ್ಯೂಟರ್ ಮೇಲೆ ಒತ್ತಿ `Sign out` ಕೊಡಿ. ಪಾಸ್‌ವರ್ಡ್ ಅದಾದಮೇಲೆ ಬದಲಾಯಿಸಿ, ಅದೂ ನಿಮ್ಮದೇ ಫೋನಿನಿಂದ.

ಅಂಗಡಿಯವರು ಹೇಳಿದ್ದು ಬಹುಪಾಲು ಸರಿ, ಆದರೆ ಪಾಸ್‌ವರ್ಡ್ ಬದಲಾದರೂ ಕೆಲವು ಉಳಿದುಬಿಡುತ್ತವೆ. ನೀವು ಅನುಮತಿ ಕೊಟ್ಟ ಬೇರೆ ಆ್ಯಪ್‌ಗಳ ಸಂಪರ್ಕ ತಾನಾಗಿ ಕಡಿಯುತ್ತೆ ಅಂತ ನಂಬೋ ಹಾಗಿಲ್ಲ, ಆ ಪಟ್ಟಿ ಬೇರೆ ಇದೆ. ರಿಕವರಿ ಫೋನ್ ನಂಬರ್ ನಿಮ್ಮದೇನಾ ನೋಡಿ. ಜಿಮೇಲನ್ನ ಬ್ರೌಸರಿನಲ್ಲಿ ತೆರೆದು `Forwarding` ಕೂಡ ನೋಡಿ. ಯಾರಾದ್ರೂ ತಮ್ಮ ವಿಳಾಸ ಹಾಕಿಟ್ಟಿದ್ರೆ ಅವರನ್ನ ಆಚೆ ಹಾಕಿದ ಮೇಲೂ ನಿಮ್ಮ ಮೇಲ್ ಅವರಿಗೆ ಹೋಗ್ತಾನೇ ಇರುತ್ತೆ.

ನಿವೃತ್ತ ಮೇಷ್ಟ್ರು, ಉಡುಪಿ: ನನಗೂ ಇದೇ ಆಗಿತ್ತು. ವಾಟ್ಸಾಪ್‌ನಲ್ಲಿ ಮೇಲಿನ ಮೂರು ಚುಕ್ಕಿ ಒತ್ತಿ `Linked devices` ನೋಡಿದೆ, ಮಗನ ಆಫೀಸಿನ ಕಂಪ್ಯೂಟರ್ ಇತ್ತು. ತೆಗೆದೆ, ಸರಿ ಹೋಯಿತು. ನೀವೂ ಅಲ್ಲೇ ನೋಡಿ.

ಕಂಪ್ಯೂಟರ್ ಮೇಡಂ: ಸರ್, ಅವರು ಕೇಳಿದ್ದು ಗೂಗಲ್ ಖಾತೆ, ಎರಡಕ್ಕೂ ಸಂಬಂಧ ಇಲ್ಲ. ಒಂದರಲ್ಲಿ ತೆಗೆದರೆ ಇನ್ನೊಂದರಲ್ಲಿ ಹೋಗಲ್ಲ. ಆದರೂ ನೋಡೋದು ಒಳ್ಳೇದೇ.

ಧಾರವಾಡದವರು: ನಮ್ಮದು ಬ್ಯಾರೆ ಕಥಿ ರೀ. ಮನಿ ಬದಲಿ ಮಾಡೂ ಮುಂದ ಹಳೇ ಟಿವಿ ಮಾರಿದ್ವಿ, ಖಾತೆ ತಗೀಲೇ ಇಲ್ಲ. ಆಮ್ಯಾಲೆ ನನ್ನ ಯೂಟ್ಯೂಬ್‌ನ್ಯಾಗ ನಾ ನೋಡದ ಕಾರ್ಟೂನ್ ಬರಾಕ ಹತ್ತಿದ್ವು. ಪಟ್ಟಿ ತಗದು ನೋಡಿದ್ರ ಆ ಟಿವಿ ಹಂಗ ಐತಿ! ಅದನ್ನ ತಗದೆ, ಕಾರ್ಟೂನ್ ನಿಂತ್ವು. ಆದ್ರ ನನ್ನ ಫೋನ್ ಇನ್ನೂ ಎರಡು ಸಲ ತೋರಸ್ತೈತಿ. ಅದು ಯಾಕ್ರಿ?

ಕಂಪ್ಯೂಟರ್ ಮೇಡಂ: ಒಂದೇ ಫೋನಿನಲ್ಲಿ ಬ್ರೌಸರ್ ಒಂದು, ಆ್ಯಪ್ ಒಂದು ಅಂತ ಬೇರೆ ಬೇರೆ ಎಣಿಸುತ್ತೆ. ಇನ್‌ಕಾಗ್ನಿಟೊದಲ್ಲಿ ತೆರೆದರೂ ಇನ್ನೊಂದು ಸೇರುತ್ತೆ. ನಿಮ್ಮದೂ ಹಾಗೇ ಇರಬಹುದು, ಸಮಯ ಹೊಂದಿಸಿ ನೋಡಿ.

ಸಾಗರದ ಗೃಹಿಣಿ: ಮೇಲ್ ಸಿಕ್ತು ಮೇಡಂ! ಗುರುವಾರ ಬೆಳಗ್ಗೆ 11 ಗಂಟೆ 40 ನಿಮಿಷ. ಆವತ್ತು ಮಗಳ ಅರ್ಜಿ ಪ್ರಿಂಟ್ ತೆಗೆಸೋಕೆ ಬಸ್ ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಗೆ ಹೋಗಿದ್ದೆ, ಅಲ್ಲೇ ಮೇಲ್ ತೆರೆದಿದ್ದು. ಇಲ್ಲಿಂದ `Sign out` ಮಾಡಿ, ಪಾಸ್‌ವರ್ಡ್ ಬದಲಾಯಿಸಿ, ಅಂಗಡಿಗೂ ಹೋಗಿ ಬಂದೆ. ಕ್ರೋಮ್‌ನ ಮೂಲೇಲಿ ನನ್ನ ಫೋಟೋ ಇನ್ನೂ ಇತ್ತು! ಪಕ್ಕದಲ್ಲಿ ಇನ್ನೂ ಮೂರು ಜನರದ್ದು. ಹುಡುಗನ ಕೈಲಿ ನನ್ನದನ್ನ ತೆಗೆಸಿದೆ.

ಕಂಪ್ಯೂಟರ್ ಮೇಡಂ: ಹೋಗಿದ್ದು ಒಳ್ಳೇದಾಯ್ತು. ಫೋಟೋ ಇತ್ತು ಅಂದ್ರೆ ಆವತ್ತು ಸಿಂಕ್ ಕೂಡ ಆನ್ ಆಗಿರಬಹುದು. ಆಗ ನೀವು ಉಳಿಸಿಟ್ಟ ಬೇರೆ ಪಾಸ್‌ವರ್ಡ್‌ಗಳೂ ಆ ಕಂಪ್ಯೂಟರಿಗೆ ಇಳಿದಿರುತ್ತವೆ, ದೂರದಿಂದ `Sign out` ಕೊಟ್ಟರೆ ಅವು ಅಳಿಸಿಹೋಗ್ತವೆ ಅಂತ ಹೇಳೋಕಾಗಲ್ಲ. ಕ್ರೋಮ್‌ನಲ್ಲಿ ಬ್ಯಾಂಕಿನದ್ದು ಉಳಿಸಿದ್ರೆ ಇವತ್ತೇ ಬದಲಾಯಿಸಿ.

ಸಾಗರದ ಗೃಹಿಣಿ: ಬ್ಯಾಂಕಿನದ್ದು ಇತ್ತು, ಈಗಲೇ ಬದಲಾಯಿಸ್ತೀನಿ. ಪಟ್ಟಿ ಪೂರ್ತಿ ಕೆಳಗೆ ಸರಿಸಿದಾಗ `Linux` ಅಂತ ಇನ್ನೊಂದು ಇತ್ತು. ಅದಕ್ಕೆ ಮೇಲೂ ಸಿಗಲಿಲ್ಲ, ನೆನಪೂ ಬರ್ತಿಲ್ಲ. ಅದನ್ನೂ ತೆಗೆದಿದ್ದೀನಿ. ಮತ್ತೆ ಬಂದ್ರೆ ಇಲ್ಲೇ ಬರೀತೀನಿ.