ಅಪ್‌ಡೇಟ್: ಕೊನೆಗೆ ರಂಗನತಿಟ್ಟಿಗೆ ಹೋದ್ವಿ

ಕೇಳಿದ್ದು: ನಮ್ಮ ಬೆಂಗಳೂರು ಗ್ಯಾಂಗಲ್ಲಿ ಒಬ್ಬಳಿಗೆ ಎತ್ತರ ಅಂದ್ರೆ ಭಯ, ಒಬ್ಬನಿಗೆ ಆಳದ ನೀರು. ಯಾರಿಗೂ ಒತ್ತಾಯ ಆಗದ ಹಾಗೆ ಎಲ್ಲಿಗೆ ಹೋಗೋದು?

ಗ್ರೂಪಲ್ಲಿ ವೋಟ್ ಹಾಕಿಸಲಿಲ್ಲ, ಎಲ್ಲರೆದುರು ಬೇಡ ಅನ್ನೋದು ಕಷ್ಟ. ಬೇಡದ್ದನ್ನ ನನಗೊಬ್ಬಳಿಗೇ ಮೆಸೇಜ್ ಮಾಡಿ, ಕಾರಣ ಹೇಳ್ಬೇಡಿ ಅಂದೆ. ಅವಳು, "ಮೆಟ್ಟಿಲು ಹತ್ತೀನಿ, ಕಂಬಿ ಇಲ್ಲದ ಅಂಚು ಆಗಲ್ಲ." ಅವನು, "ದಡದಲ್ಲಿ ಓಡಾಡ್ತೀನಿ, ದೋಣಿ ಆಗಲ್ಲ." ಭಯಕ್ಕೂ ಗಡಿ ಇರತ್ತೆ ನೋಡಿ! ಸ್ಕಂದಗಿರಿ ಅಲ್ಲಿಗೇ ಕೈಬಿಟ್ವಿ.

ರಂಗನತಿಟ್ಟಲ್ಲಿ ದಡದಿಂದಲೂ ಹಕ್ಕಿ ಕಾಣ್ತವೆ, ದೋಣಿ ಹತ್ತಲೇಬೇಕಂತಿಲ್ಲ. ಆದರೆ ಅವನೊಬ್ಬನೇ ಬ್ಯಾಗ್ ಕಾಯ್ತಾ ಕೂತ್ರೆ ಅದೂ ಒತ್ತಾಯವೇ. ಅದಕ್ಕೆ ನಾವಿಬ್ಬರು ಬೈನಾಕ್ಯುಲರ್ ಹಿಡ್ಕೊಂಡು ಅವನ ಜೊತೆ ಉಳಿದ್ವಿ. ಬಣ್ಣದ ಕೊಕ್ಕರೆ ಮರಿಗೆ ಉಣಿಸೋದನ್ನ ಮೊದಲು ಕಂಡಿದ್ದು ಅವನೇ. "ಒಂದ್ಸಲ ಬಾರೋ" ಅಂತ ಯಾರೂ ಅನ್ನಲಿಲ್ಲ, ಅದು ಮೊದಲೇ ಆಗಿದ್ದ ಮಾತು.