ಪದಚರ್ಚೆ: ಬೇಡಿಕೆ ಗೆರೆ ಬಾಗಿದ್ದೋ, ಕೊಂಕಿದ್ದೋ?

ಕೇಳಿದವರು (ಅನುವಾದಕಿ): ಅರ್ಥಶಾಸ್ತ್ರದ ಪಠ್ಯವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕೆಲವೇ ಮಾರಾಟಗಾರರಿರುವ ಮಾರುಕಟ್ಟೆಯ ಭಾಗದಲ್ಲಿ ಬರುವ ‘ಕಿಂಕ್ಡ್ ಡಿಮ್ಯಾಂಡ್’ ಅನ್ನು ‘ಬಾಗಿದ ಬೇಡಿಕೆ’ ಅಂತ ಬರೆದಿದ್ದೆ. ಕರಡು ತಿದ್ದಿದವರು ‘ಕೊಂಕು ಬೇಡಿಕೆ’ ಮಾಡಿದರು. ಕೊಂಕು ಅಂದರೆ ನನಗೆ ಚುಚ್ಚುಮಾತೇ ನೆನಪಾಗುತ್ತದೆ. ಅಲ್ಲಿ ಬೆಲೆ ಬದಲಾಗದೆ ನಿಲ್ಲುವುದಕ್ಕೆ, ಅಂದರೆ ‘ಪ್ರೈಸ್ ರಿಜಿಡಿಟಿ’ಗೆ, ‘ಬಿಗಿ ಬೆಲೆ’ ಸಾಕಾ?

ಧಾರವಾಡದಿಂದ: ನಾಲ್ಕೈದು ಕಂಪನಿಯವರು ಒಳಗೊಳಗೇ ಮಾತಾಡಿಕೊಂಡು ಬೆಲೆ ಕಟ್ಟಿಹಾಕುವುದು ತಾನೇ? ‘ಕಟ್ಟುಬೆಲೆ’ ಅನ್ನಿ, ಮುಗೀತು.

ನಿವೃತ್ತ ಮೇಷ್ಟ್ರು, ಮೈಸೂರು: ಕೆಲವೇ ಮಾರಾಟಗಾರರು ಅನ್ನುವುದು ಸರಿ. ಆದರೆ ಇಲ್ಲಿ ಯಾರೂ ಮಾತಾಡಿಕೊಂಡಿಲ್ಲ, ಅದೇ ಇದರ ಸ್ವಾರಸ್ಯ. 1939ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಪಾಲ್ ಸ್ವೀಜಿ ಹೇಳಿದ್ದು ಇಷ್ಟು: ನಾನು ಬೆಲೆ ಏರಿಸಿದರೆ ಉಳಿದವರು ಸುಮ್ನೆ ಇರುತ್ತಾರೆ, ಗಿರಾಕಿ ಅತ್ತ ಹೋಗುತ್ತಾನೆ. ಇಳಿಸಿದರೆ ಅವರೂ ಇಳಿಸುತ್ತಾರೆ, ನನಗೇನೂ ಜಾಸ್ತಿ ಸಿಗಲ್ಲ. ಹೀಗಾಗಿ ಯಾವ ಬೆಲೆಗೆ ಎಷ್ಟು ಮಾರಾಟ ಅಂತ ತೋರಿಸುವ ಬೇಡಿಕೆ ಗೆರೆ ಈಗಿನ ಬೆಲೆಯ ಬಳಿ ಫಕ್ಕನೆ ದಿಕ್ಕು ಬದಲಿಸುತ್ತದೆ. ‘ಬಾಗಿದ’ ಅಂದರೆ ಬಿಲ್ಲಿನ ಹಾಗೆ ನಿಧಾನ ಬಾಗು, ಅದು ತಪ್ಪು. ಕಾಗದ ಮಡಿಸಿದ ಹಾಗೆ ಒಂದೇ ಮಡಿಕೆ ಇದು.

ಸಾಗರದಿಂದ: ಪದ ಗೊತ್ತಿಲ್ಲ ಸಾರ್, ನನ್ನದೊಂದು ಜೆರಾಕ್ಸ್ ಅಂಗಡಿ. ಅಕ್ಕಪಕ್ಕ ಇನ್ನೆರಡಿವೆ. ಪುಟಕ್ಕೆ 2 ರೂಪಾಯಿ, ದಿನಕ್ಕೆ 500 ಪುಟ. ಹೋದ ವರ್ಷ ಎರಡೂವರೆ ಮಾಡಿದೆ, 300ಕ್ಕೆ ಇಳಿಯಿತು. ಮುಂಚೆ ಒಮ್ಮೆ ಒಂದೂವರೆ ಮಾಡಿದಾಗ ಸಂಜೆಯೊಳಗೆ ಅವರೂ ಮಾಡಿದರು, ನನಗೆ ಬಂದದ್ದು 520. ಈಗ ಕಾಗದ, ಟೋನರ್ ಸೇರಿ ಖರ್ಚು 80 ಪೈಸೆಯಿಂದ 1 ರೂಪಾಯಿಗೆ ಏರಿದೆ. ಬೋರ್ಡು ಮಾತ್ರ ಹಾಗೇ ಇದೆ.

ಮೇಷ್ಟ್ರು: ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ! ಖರ್ಚು 1 ರೂಪಾಯಿ ಆದಾಗ, ಹಾಗೇ ಬಿಟ್ಟರೆ ನಿಮಗೆ ದಿನಕ್ಕೆ 500 ರೂಪಾಯಿ ಉಳಿಯುತ್ತದೆ. ಏರಿಸಿದರೆ 450, ಇಳಿಸಿದರೆ 260. ಖರ್ಚು ಒಂದೂಕಾಲು ದಾಟುವ ತನಕ ಎರಡೂವರೆಗೆ ಏರಿಸಿದರೆ ನಷ್ಟವೇ. ಖರ್ಚು ಅಲ್ಲಾಡಿದರೂ ಬೆಲೆ ಕದಲದೆ ಇರುವುದು ಇದರಿಂದಲೇ. ಆದರೆ ಮೊದಲಿಗೆ 2 ರೂಪಾಯಿ ಯಾಕೆ ಆಯಿತು ಅಂತ ಈ ಗೆರೆ ಹೇಳಲ್ಲ.

ಬೆಂಗಳೂರಿನಿಂದ: ಕಾಗದ ಮೂವರಿಗೂ ತುಟ್ಟಿ ಆಯಿತಲ್ಲ, ಒಬ್ಬ ಏರಿಸಿದರೆ ಉಳಿದವರು ಯಾಕೆ ಸುಮ್ಮನಿರುತ್ತಾರೆ? 2024ರ ಜೂನ್ ಕೊನೆಯಲ್ಲಿ ಜಿಯೋ ಮೊಬೈಲ್ ದರ ಏರಿಕೆ ಘೋಷಿಸಿತು, ಮರುದಿನವೇ ಏರ್‌ಟೆಲ್, ವೊಡಾಫೋನ್ ಐಡಿಯಾ ಕೂಡ. ಮಡಿಕೆ ಎಲ್ಲಿ ಹೋಯಿತು?

ಮೇಷ್ಟ್ರು: ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 1947ರಲ್ಲಿ ಎತ್ತಿದ್ದೂ ಇದೇ ತಕರಾರು. ಸಿಗರೇಟಿನಂಥ ಉದ್ಯಮಗಳ ಹಳೆಯ ಬೆಲೆ ನೋಡಿ, ಏರಿಕೆಯನ್ನೂ ಉಳಿದವರು ಅನುಸರಿಸುತ್ತಾರೆ ಎಂದು ತೋರಿಸಿದರು. ಮಡಿಕೆ ಇರುವುದು ಮಾರುವವನ ಅಂದಾಜಿನಲ್ಲಿ. ‘ಅವರು ಏರಿಸಲ್ಲ’ ಅನ್ನುವ ಅಂದಾಜು ಹೋದರೆ ಮಡಿಕೆಯೂ ಹೋಗುತ್ತದೆ.

ಅನುವಾದಕಿ: ‘ಬಿಗಿ ಬೆಲೆ’ ಬಿಟ್ಟೆ, ‘ಕದಲದ ಬೆಲೆ’ ಇರಲಿ. ‘ಮಡಿಕೆ ಬಿದ್ದ ಬೇಡಿಕೆ’ ಇಷ್ಟವಾಯಿತು, ಆದರೆ ನಮ್ಮ ಕಡೆ ಮಡಿಕೆ ಅಂದರೆ ನೀರಿನ ಮಡಿಕೆ. ಬೇರೆ ಪದ ಇದ್ದರೆ ಶುಕ್ರವಾರದೊಳಗೆ ತಿಳಿಸಿ.

ಧಾರವಾಡದಿಂದ: ನಾನು ಇನ್ನೂ ‘ಕಟ್ಟುಬೆಲೆ’ಗೇ.